ಬಾಡಿಗೆ ಮನೆಯಲ್ಲಿ ಟ್ಯೂಷನ್ ಅಥವಾ ಆನ್‌ಲೈನ್ ಮಾರಾಟ ನಡೆಸಬಹುದೇ?

ಮಾಲೀಕರು ಒಪ್ಪಿದರೆ ನಡೆಸಬಹುದು. ಆದರೆ ಕರಾರಿನಲ್ಲಿ ‘ವಾಸಕ್ಕೆ ಮಾತ್ರ’ ಎಂದಿದ್ದರೆ ಬಾಯಿಮಾತಿನ ಒಪ್ಪಿಗೆ ಸಾಲದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಯಾವ ಉದ್ದೇಶಕ್ಕೆ ಮನೆ ಪಡೆದಿದ್ದೇವೋ ಅದಕ್ಕೇ ಬಳಸಬೇಕು. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆಯಲ್ಲಿ, ನೋಟಿಸ್ ಕೊಟ್ಟ ಮೇಲೂ ದುರ್ಬಳಕೆ ಮುಂದುವರಿದರೆ ಮನೆ ಬಿಡಿಸುವಂತೆ ಮಾಲೀಕರು ಕೋರಬಹುದು.

ಹೊಸೂರಿನಲ್ಲಿ ಬಾಡಿಗೆಗಿರುವ ಒಬ್ಬರು ಎಂಟು ಮಕ್ಕಳಿಗೆ ಪಾಠ ಹೇಳಿ, ಆನ್‌ಲೈನಿನಲ್ಲಿ ಸೀರೆಯನ್ನೂ ಮಾರಬೇಕೆಂದಿದ್ದಾರೆ ಎನ್ನೋಣ. ಪಾಠದ ವಿಷಯದಲ್ಲಿ ತಕರಾರು ಬರುವುದು ಗದ್ದಲ ಮತ್ತು ಸೈಕಲ್ ನಿಲ್ಲಿಸುವ ಜಾಗದ ಬಗ್ಗೆ. ಸೀರೆ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಮಾಡಿಸುವುದಾದರೆ ವಿಳಾಸದ ದಾಖಲೆಯಾಗಿ ಬಾಡಿಗೆ ಕರಾರು, ಮಾಲೀಕರ ಹೆಸರಿನ ಕರೆಂಟ್ ಬಿಲ್ಲು ಕೇಳುತ್ತಾರೆ. ಅಂದರೆ ಅವರಿಗೆ ತಿಳಿಸದೆ ಮುಂದುವರಿಯುವುದು ಕಷ್ಟ. ಮನೆಯ ಕರೆಂಟನ್ನು ವ್ಯಾಪಾರಕ್ಕೆ ಬಳಸಿದರೆಂದು ವಿದ್ಯುತ್ ಮಂಡಳಿ ದಂಡ ಹಾಕಿದರೆ, ಆ ಬಿಲ್ಲೂ ಅವರ ಹೆಸರಿಗೇ ಬರುತ್ತದೆ.

ಆದ್ದರಿಂದ ಕರಾರಿಗೆ ಹೀಗೊಂದು ಷರತ್ತು ಸೇರಿಸಿ, ಇಬ್ಬರೂ ಸಹಿ ಹಾಕಿ: ‘ಬಾಡಿಗೆದಾರರು ವಾಸದ ಜೊತೆಗೆ ಸಂಜೆ 5ರಿಂದ 7ರವರೆಗೆ ಎಂಟು ಮಕ್ಕಳಿಗೆ ಪಾಠ ಹೇಳಬಹುದು, ಸೀರೆಗಳನ್ನು ಆನ್‌ಲೈನಿನಲ್ಲಿ ಮಾರಬಹುದು, ಬೋರ್ಡ್ ಹಾಕುವಂತಿಲ್ಲ, ಇದರಿಂದ ಬರುವ ಹೆಚ್ಚುವರಿ ಕರೆಂಟ್ ಖರ್ಚು ಬಾಡಿಗೆದಾರರದ್ದು.’