ಫ್ಲ್ಯಾಟ್ ಖರೀದಿಗೆ ಮುನ್ನ: ಸ್ಲ್ಯಾಬ್ ಎಷ್ಟು ದಪ್ಪ ಅಂತ ಕೇಳಿದರೆ ಸಾಲದು

ಬಿಲ್ಡರ್ ಹತ್ತಿರ ಸ್ಲ್ಯಾಬ್ ದಪ್ಪ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ '5 ಇಂಚು ಸಾರ್'. ಈ ಉತ್ತರವೊಂದರಿಂದ ಏನೂ ಗೊತ್ತಾಗುವುದಿಲ್ಲ. ಮುಂದಿನ ಪ್ರಶ್ನೆ ಕೇಳಬೇಕು: ಬೀಮ್‌ನಿಂದ ಬೀಮ್‌ಗೆ ಅಂತರ ಎಷ್ಟು?

ಉದಾಹರಣೆಗೆ 12x14 ಅಡಿಯ ಬೆಡ್‌ರೂಮ್. ನಾಲ್ಕೂ ಕಡೆ ಬೀಮ್ ಇದ್ದರೆ ಲೆಕ್ಕಕ್ಕೆ ಬರುವುದು ಚಿಕ್ಕ ಅಳತೆಯಾದ 12 ಅಡಿ. ಅಷ್ಟಕ್ಕೆ 5 ಇಂಚು, ಅಂದರೆ 125 ಮಿ.ಮೀ. ಸಾಮಾನ್ಯವಾಗಿ ಸಾಕು. ಆದರೆ ಈಗ ಹಾಲ್‌ನಲ್ಲಿ ಬೀಮ್ ಕಾಣಬಾರದು ಅಂತ 18x20 ಅಡಿಯನ್ನು ಒಂದೇ ಸ್ಲ್ಯಾಬ್‌ನಲ್ಲಿ ಮುಗಿಸುವುದುಂಟು. ಅಲ್ಲಿಗೆ 7 ಇಂಚಿನ ಆಸುಪಾಸು ಬೇಕಾಗುತ್ತದೆ. ಅಲ್ಲೂ 5 ಇಂಚೇ ಹಾಕಿದ್ದರೆ ಕೂಡಲೇ ಕುಸಿಯುತ್ತದೆ ಅಂತಲ್ಲ. ವರ್ಷಗಳು ಕಳೆದಂತೆ ನಡು ಜಗ್ಗಿ, ಕೆಳಗಡೆ ಬಿರುಕು ಮೂಡಬಹುದು.

ಅಳತೆ ನೋಡುವಾಗಲೂ ಮೋಸ ಹೋಗುವುದು ಸುಲಭ. ಟೈಲ್ಸ್, ಅದರ ಕೆಳಗಿನ ಗಾರೆ, ಸೀಲಿಂಗ್ ಪ್ಲಾಸ್ಟರ್ ಎಲ್ಲ ಸೇರಿದರೆ ಎರಡು, ಎರಡೂವರೆ ಇಂಚು ಹೆಚ್ಚಾಗಿ ಕಾಣುತ್ತದೆ. ಹಾಗಾಗಿ ಟೈಲ್ಸ್ ಹಾಕುವ ಮೊದಲೇ ಪೈಪ್ ಡಕ್ಟ್ ಅಂಚಿನಲ್ಲಿ ಟೇಪ್ ಹಿಡಿದು ನೋಡಿ, ಸ್ಟ್ರಕ್ಚರಲ್ ಡ್ರಾಯಿಂಗ್ ಜೊತೆ ತಾಳೆ ಹಾಕುವುದು ಒಳ್ಳೆಯದು. ಬ್ರೋಷರ್‌ನಲ್ಲಿರುವ ಪ್ಲ್ಯಾನ್ ಇದಕ್ಕೆ ಪ್ರಯೋಜನವಿಲ್ಲ.

ಸಾಮಗ್ರಿ ವಿಚಾರದಲ್ಲಿ ಸಿಮೆಂಟ್ ಬ್ರ್ಯಾಂಡ್ ಕೇಳುವುದಕ್ಕಿಂತ ಕ್ಯೂಬ್ ಟೆಸ್ಟ್ ರಿಪೋರ್ಟ್ ಕೇಳುವುದು ಮೇಲು. ಕಾಂಕ್ರೀಟ್ ಹಾಕುವ ದಿನ ಅದನ್ನೇ ಅಚ್ಚಿಗೆ ತುಂಬಿ, 28ನೇ ದಿನ ಲ್ಯಾಬ್‌ನಲ್ಲಿ ಒತ್ತಿ ಒಡೆಯುತ್ತಾರೆ. ಎಂ25 ಕಾಂಕ್ರೀಟ್ ಆದರೆ ಪ್ರತಿ ಚದರ ಮಿ.ಮೀ.ಗೆ 25 ನ್ಯೂಟನ್ ಬಲ ಬರಬೇಕು. ರಿಪೋರ್ಟ್‌ನಲ್ಲಿ ದಿನಾಂಕ, ಯಾವ ಮಹಡಿ ಎಂಬುದು ಇದೆಯೇ ನೋಡಿ. ಇಡೀ ಕಟ್ಟಡಕ್ಕೆ ಒಂದೇ ಹಾಳೆ ತೋರಿಸಿದರೆ ಅನುಮಾನಿಸಬೇಕು. ಕಬ್ಬಿಣಕ್ಕೂ ಕಂಪನಿಯ ಟೆಸ್ಟ್ ಸರ್ಟಿಫಿಕೇಟ್ ಬಂದಿರುತ್ತದೆ, ಅದರ ಪ್ರತಿ ಕೇಳಬಹುದು. ಕಬ್ಬಿಣದ ಕೆಳಗೆ 20 ಮಿ.ಮೀ. ಕವರ್ ಬ್ಲಾಕ್ ಇಟ್ಟಿದ್ದರಾ ಅನ್ನುವುದಕ್ಕೆ ಸ್ಲ್ಯಾಬ್ ಹಾಕುವ ಮೊದಲಿನ ಫೋಟೋ ಸಾಕ್ಷಿ. ಅದರ ಬದಲು ಜಲ್ಲಿ ಚೂರು ಇಟ್ಟ ಕಡೆ ಕಬ್ಬಿಣ ಬೇಗ ತುಕ್ಕು ಹಿಡಿದು ಸೀಲಿಂಗ್ ಉದುರುತ್ತದೆ.

ಇನ್ನು ಸರ್ಟಿಫಿಕೇಟ್. ಓಸಿ ಇದ್ದರೆ ಕಟ್ಟಡ ಗಟ್ಟಿ ಅಂತ ಅನೇಕರ ನಂಬಿಕೆ. ಓಸಿ ಮುಖ್ಯವಾಗಿ ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರಾ ಅನ್ನುವುದಕ್ಕೆ. ಗಟ್ಟಿತನಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಸ್ಟೆಬಿಲಿಟಿ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎಷ್ಟು ಮಹಡಿಗೆ ಡಿಸೈನ್ ಮಾಡಿದ್ದು ಎಂದು ಓದಿ, ಹೊರಗೆ ಬಂದು ಮಹಡಿ ಎಣಿಸಿ. ಮೂರಕ್ಕೆ ಪಾಯ ಹಾಕಿ ನಾಲ್ಕು ಕಟ್ಟಿದ್ದರೆ ಉಳಿದ ಪ್ರಶ್ನೆಗಳೇ ಬೇಡ.

ರೇರಾ ಕಾಯ್ದೆಯ ಸೆಕ್ಷನ್ 14ರ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟ್ ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ಸಣ್ಣ ಊರುಗಳ ಎಷ್ಟೋ ಅಪಾರ್ಟ್‌ಮೆಂಟ್ ಈ ಗುಂಪಿನವು. ಅಂಥ ಕಡೆ ಈ 5 ವರ್ಷದ ಮಾತನ್ನು ಮಾರಾಟ ಕರಾರಿನಲ್ಲೇ ಬರೆಸಿಕೊಂಡು, ಆಮೇಲೆ ಅಡ್ವಾನ್ಸ್ ಕೊಡುವುದು ಕ್ಷೇಮ.