ಪದ ಪರಿಚಯ: ಅಕ್ರೂಯಲ್

‘ಬೆಳೆದು ಸೇರು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಪದವಿದು. ಕನ್ನಡದಲ್ಲಿ ‘ಸಂಚಯ ಪದ್ಧತಿ’ ಎನ್ನಬಹುದು. ಹಣ ಕೈ ಸೇರಿದಾಗ ಅಥವಾ ಕೈ ಬಿಟ್ಟಾಗ ಬರೆಯುವುದು ನಗದು ಪದ್ಧತಿ. ಹಕ್ಕು ಅಥವಾ ಹೊಣೆ ಹುಟ್ಟಿದಾಗಲೇ ಬರೆಯುವುದು ಸಂಚಯ ಪದ್ಧತಿ.

ನಾಸಿಕ್ ಅಥವಾ ಛತ್ರಪತಿ ಸಂಭಾಜಿನಗರದಂಥ ಪಾಲಿಕೆಯೊಂದು ಒಂದು ಮನೆಗೆ 10,000 ರೂಪಾಯಿ ಆಸ್ತಿ ತೆರಿಗೆಯ ಬಿಲ್ ಕೊಟ್ಟಿತು ಎನ್ನೋಣ. ವರ್ಷದೊಳಗೆ ಬಂದದ್ದು 6,000. ನಗದು ಲೆಕ್ಕದಲ್ಲಿ ಆದಾಯ 6,000 ಮಾತ್ರ. ಸಂಚಯ ಲೆಕ್ಕದಲ್ಲಿ ಆದಾಯ 10,000, ಬರಬೇಕಾದ ಬಾಕಿ 4,000. ಮಾರ್ಚಿನಲ್ಲಿ ರಸ್ತೆ ಮುಗಿಸಿದ ಗುತ್ತಿಗೆದಾರನಿಗೆ ಮೇ ತಿಂಗಳಲ್ಲಿ ಹಣ ಕೊಟ್ಟರೆ, ನಗದು ಪುಸ್ತಕದಲ್ಲಿ ಮಾರ್ಚ್ 31ರಂದು ಉಳಿತಾಯವೇ ಕಾಣುತ್ತದೆ. ಸಂಚಯ ಪುಸ್ತಕದಲ್ಲಿ ಸಾಲ ಬಯಲಾಗುತ್ತದೆ.

ನಾಸಿಕ್ ಪಾಲಿಕೆ 1999ರಲ್ಲೇ 100 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತ್ತು. ಸಾಲ ಕೊಡುವವರು ಆಸ್ತಿ, ಬಾಕಿ, ಹೊಣೆಗಳನ್ನು ಒಂದೇ ಪಟ್ಟಿಯಲ್ಲಿ ನೋಡಬಯಸುತ್ತಾರೆ. 2004ರ ರಾಷ್ಟ್ರೀಯ ಪುರಸಭಾ ಲೆಕ್ಕಪತ್ರ ಕೈಪಿಡಿ ಸಂಚಯ ಪದ್ಧತಿಯನ್ನೇ ಸೂಚಿಸಿತು. 15ನೇ ಹಣಕಾಸು ಆಯೋಗವು ಅನುದಾನಕ್ಕೆ ಲೆಕ್ಕಪತ್ರಗಳ ಆನ್‌ಲೈನ್ ಪ್ರಕಟಣೆಯ ಷರತ್ತು ಹಾಕಿದ ಮೇಲೆ ಪುಸ್ತಕಗಳನ್ನು ಸಕಾಲಕ್ಕೆ ಮುಗಿಸುವ ಒತ್ತಡವೂ ಹೆಚ್ಚಿತು.

ಸಂಚಯ ಪದ್ಧತಿಗೂ ಮಿತಿಯಿದೆ. ಕೆಡವಿದ ಮನೆಗೂ ಬಿಲ್ ಹೋಗುತ್ತಿದ್ದರೆ ಆದಾಯ ಕಾಗದದಲ್ಲಷ್ಟೇ ಬೆಳೆಯುತ್ತದೆ. ಬಾಕಿ ವರ್ಷದಿಂದ ವರ್ಷಕ್ಕೆ ಉಬ್ಬಿ, ವಸೂಲಿ ಮಾತ್ರ ಅಲ್ಲೇ ನಿಂತಿದ್ದರೆ ಅದೇ ಇದರ ಸುಳಿವು. ಆಗ ವಸೂಲಾಗದ ಬಾಕಿಗೆ ಲೆಕ್ಕದಲ್ಲಿ ಅವಕಾಶ ತೆಗೆದಿಟ್ಟು ಅದನ್ನು ವೆಚ್ಚವಾಗಿ ತೋರಿಸಬೇಕು.