ಪಿಟಿ, ಐಎನ್‌ಆರ್ ಮತ್ತು ಎಪಿಟಿಟಿ

ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕು ಎಂದು ಅಳೆಯುವ ಪ್ರಯೋಗಾಲಯ ಪರೀಕ್ಷೆಗಳು. ಯಾದಗಿರಿ ಜಿಲ್ಲೆಯಲ್ಲಿ ಇವುಗಳ ಅರ್ಥ ಚೆನ್ನಾಗಿ ತಿಳಿಯುವುದು ಹಾವಿನ ಕಡಿತದಲ್ಲಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಉಣ್ಣುವ ಸುರಪುರ, ಶಹಾಪುರದ ಭತ್ತದ ಗದ್ದೆಗಳಿಗೆ ಇಲಿ ಬರುತ್ತವೆ. ಇಲಿ ಇದ್ದಲ್ಲಿಗೆ ಕೊಳಕುಮಂಡಲ ಬರುತ್ತದೆ. ಅದರ ವಿಷ ರಕ್ತವನ್ನೇ ಕೆಡಿಸುತ್ತದೆ.

ಹೆಪ್ಪುಗಟ್ಟುವಿಕೆಗೆ ಎರಡು ದಾರಿಗಳಿವೆ. ಗಾಯಗೊಂಡ ಅಂಗಾಂಶದಿಂದ ಹೊರಡುವ ದಾರಿಯಲ್ಲಿ 7ನೆಯ ಘಟಕವಿದೆ. ಹೊರ ಮೇಲ್ಮೈಯ ಸ್ಪರ್ಶದಿಂದ ಹೊರಡುವ ಇನ್ನೊಂದರಲ್ಲಿ 12, 11, 9, 8ನೆಯ ಘಟಕಗಳು ಸಾಲಾಗಿ ಬರುತ್ತವೆ. ಎರಡೂ 10ನೆಯ ಘಟಕದಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ 5ನೆಯ ಘಟಕ, ಪ್ರೋಥ್ರಾಂಬಿನ್, ಫೈಬ್ರಿನೋಜೆನ್ ಎರಡಕ್ಕೂ ಒಂದೇ.

ಪಿಟಿ ಪರೀಕ್ಷೆಯಲ್ಲಿ ಸಿಟ್ರೇಟ್ ಬೆರೆಸಿದ ಪ್ಲಾಸ್ಮಾಕ್ಕೆ ಥ್ರಾಂಬೊಪ್ಲಾಸ್ಟಿನ್ ಮತ್ತು ಕ್ಯಾಲ್ಸಿಯಂ ಹಾಕಿ ಮೊದಲ ದಾರಿಯನ್ನೂ ಕೂಡುದಾರಿಯನ್ನೂ ಅಳೆಯುತ್ತಾರೆ; ಸುಮಾರು 11ರಿಂದ 13 ಸೆಕೆಂಡು ಸಹಜ. ಎಪಿಟಿಟಿಯಲ್ಲಿ ಸಿಲಿಕಾದಂಥ ಪುಡಿಯನ್ನೂ ಫಾಸ್ಫೊಲಿಪಿಡ್ಡನ್ನೂ ಬೆರೆಸಿ, ಕೆಲವು ನಿಮಿಷ ಬಿಟ್ಟು ಕ್ಯಾಲ್ಸಿಯಂ ಹಾಕುತ್ತಾರೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಎರಡನೆಯ ದಾರಿ ಮತ್ತು ಕೂಡುದಾರಿ. ಸಹಜ ಮಿತಿ ಸುಮಾರು 25ರಿಂದ 35 ಸೆಕೆಂಡು. ಹೀಗಾಗಿ 8ನೆಯ ಘಟಕ ಕಡಿಮೆಯಿರುವ ಹೀಮೋಫಿಲಿಯಾದಲ್ಲಿ ಎಪಿಟಿಟಿ ಮಾತ್ರ ಉದ್ದವಾಗುತ್ತದೆ, ಪಿಟಿ ಸಹಜವಾಗಿಯೇ ಇರುತ್ತದೆ.

ಕೊಳಕುಮಂಡಲದ ವಿಷ 10 ಮತ್ತು 5ನೆಯ ಘಟಕಗಳನ್ನೇ ನೇರವಾಗಿ ಚುರುಕುಗೊಳಿಸುತ್ತದೆ. ದೇಹದೊಳಗೆ ಸಣ್ಣ ಸಣ್ಣ ಹೆಪ್ಪುಗಳಾಗಿ ಫೈಬ್ರಿನೋಜೆನ್ ಮುಗಿದುಹೋಗುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟುವುದಿಲ್ಲ, ವಸಡಿನಿಂದ, ಸೂಜಿ ಚುಚ್ಚಿದ ಜಾಗದಿಂದ ಒಸರುತ್ತದೆ. ಗದ್ದೆಯಲ್ಲಿ ಕಡಿತವಾದ ಒಬ್ಬರ ಪಿಟಿ 36, ಎಪಿಟಿಟಿ 90 ಸೆಕೆಂಡು ಬಂದಿತೆನ್ನೋಣ. ಎರಡೂ ಉದ್ದವಾಗಿರುವುದರಿಂದ ಪೆಟ್ಟು ಬಿದ್ದಿರುವುದು ಕೂಡುದಾರಿಗೆ ಎಂಬ ಅನುಮಾನ ಬಲವಾಗುತ್ತದೆ.

ಥ್ರಾಂಬೊಪ್ಲಾಸ್ಟಿನ್ ಒಂದೊಂದು ಕಂಪನಿಯದು ಒಂದೊಂದು ಚುರುಕಿನದು. ಒಂದೇ ರಕ್ತಕ್ಕೆ ಪಿಟಿ ಬೇರೆ ಬೇರೆ ಬರುತ್ತದೆ. ಇದನ್ನು ಸರಿದೂಗಿಸಲು ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಐಎನ್‌ಆರ್ ಪದ್ಧತಿ ತಂದಿತು. ರೋಗಿಯ ಪಿಟಿಯನ್ನು ಸಹಜ ಪಿಟಿಯಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಆ ರಾಸಾಯನಿಕದ ಐಎಸ್‌ಐ ಘಾತಕ್ಕೆ ಏರಿಸುತ್ತಾರೆ. ಮೇಲಿನ ರೋಗಿಯದು 36 ಭಾಗಿಸು 12, ಅಂದರೆ 3. ಐಎಸ್‌ಐ 1 ಇದ್ದರೆ ಐಎನ್‌ಆರ್ 3, ಐಎಸ್‌ಐ 1.2 ಇದ್ದರೆ ಸುಮಾರು 3.7. ಆದರೆ ಐಎಸ್‌ಐಯನ್ನು ನಿಗದಿ ಮಾಡಿದ್ದು ವಾರ್ಫರಿನ್ ಮಾತ್ರೆ ನುಂಗುವವರ ರಕ್ತದಿಂದ. ಹಾವು ಕಚ್ಚಿದವರಲ್ಲಿ ಐಎನ್‌ಆರ್ ಒಂದು ಸೂಚನೆ ಮಾತ್ರ.

ಮಾದರಿಯೂ ತಪ್ಪಿಸಬಲ್ಲದು. ನೀಲಿ ಮುಚ್ಚಳದ ಕೊಳವೆಯಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇರಬೇಕು. ಅರ್ಧ ತುಂಬಿದರೆ ಫಲಿತಾಂಶ ಸುಳ್ಳಾಗಿ ಉದ್ದವಾಗುತ್ತದೆ. ಎಪಿಟಿಟಿಯ ಮಾದರಿಯನ್ನು 4 ಗಂಟೆಯೊಳಗೆ ನೋಡುವುದು ಒಳ್ಳೆಯದು, ಹಳ್ಳಿಯಿಂದ ದೂರದ ಲ್ಯಾಬಿಗೆ ಕಳಿಸುವಾಗ ಇದು ನೆನಪಿರಬೇಕು. ಅದಕ್ಕೇ ಯಂತ್ರವಿಲ್ಲದ ಕಡೆ 20 ನಿಮಿಷದ ಪರೀಕ್ಷೆ ಉಳಿದಿದೆ: ಒಣಗಿದ ಹೊಸ ಗಾಜಿನ ಕೊಳವೆಗೆ 2 ಮಿಲಿ ರಕ್ತ ಹಾಕಿ, ಅಲುಗಿಸದೆ ಇಟ್ಟು, ವಾಲಿಸಿ ನೋಡುತ್ತಾರೆ. ಪ್ಲಾಸ್ಟಿಕ್ ಕೊಳವೆ ಇದಕ್ಕೆ ಆಗದು; ಎಪಿಟಿಟಿಯಲ್ಲಿ ಸಿಲಿಕಾ ಮಾಡುವ ಕೆಲಸವನ್ನು ಇಲ್ಲಿ ಗಾಜೇ ಮಾಡಬೇಕು.